ಹೊಗೆಗೆ ಬೆಲೆ ಕಟ್ಟುವುದು ಹೇಗೆ? ತೆರಿಗೆಯೋ, ಪರವಾನಗಿಯೋ?



ಒಂದು ಇಟ್ಟಿಗೆ ಗೂಡನ್ನು ನೆನಪಿಗೆ ತಂದುಕೊಳ್ಳಿ. ಅದರ ಮಾಲೀಕ ಮಣ್ಣಿಗೆ ಹಣ ಕೊಡುತ್ತಾನೆ, ಕಲ್ಲಿದ್ದಲಿಗೆ ಹಣ ಕೊಡುತ್ತಾನೆ, ಕೂಲಿ ಕೊಡುತ್ತಾನೆ. ಇವೆಲ್ಲ ಸೇರಿ ಇಟ್ಟಿಗೆಯ ಬೆಲೆಯಾಗುತ್ತದೆ. ಆದರೆ ಗೂಡಿನಿಂದ ಏಳುವ ಹೊಗೆಗೆ ಅವನು ಯಾರಿಗೂ ಏನನ್ನೂ ಕೊಡುವುದಿಲ್ಲ. ಆ ಹೊಗೆಯಿಂದ ಕೆಮ್ಮು ಬಂದವರು ಔಷಧಿಯ ಖರ್ಚನ್ನು ತಾವೇ ಭರಿಸುತ್ತಾರೆ. ಹೀಗೆ ಒಬ್ಬರ ವ್ಯಾಪಾರದಿಂದ ಹುಟ್ಟಿ ಮತ್ತೊಬ್ಬರ ತಲೆಯ ಮೇಲೆ ಬೀಳುವ ಖರ್ಚನ್ನು ಅರ್ಥಶಾಸ್ತ್ರದಲ್ಲಿ 'ಬಾಹ್ಯ ವೆಚ್ಚ' ಎನ್ನುತ್ತಾರೆ. ಈ ವೆಚ್ಚವನ್ನು ತೆರಿಗೆಯ ರೂಪದಲ್ಲಿ ಅದನ್ನು ಹುಟ್ಟಿಸಿದವರಿಂದಲೇ ವಸೂಲು ಮಾಡಬಹುದೆಂಬ ವಿಚಾರವನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಲ್ಲಿಯೇ ಮುಂದಿಟ್ಟರು. 1968ರಲ್ಲಿ ಕೆನಡಾದ ಜಾನ್ ಡೇಲ್ಸ್ ಇನ್ನೊಂದು ದಾರಿ ತೋರಿಸಿದರು. ಒಟ್ಟು ಮಾಲಿನ್ಯಕ್ಕೆ ಒಂದು ಮಿತಿ ಹಾಕಿ, ಆ ಮಿತಿಯೊಳಗಿನ ಹಕ್ಕುಗಳನ್ನು ಕೊಳ್ಳಲು, ಮಾರಲು ಬಿಡುವುದೇ ಆ ದಾರಿ.

ಮೊದಲನೆಯದು ಇಂಗಾಲದ ತೆರಿಗೆ. ಎರಡನೆಯದು 'ಕ್ಯಾಪ್ ಅಂಡ್ ಟ್ರೇಡ್' ಎಂದು ಹೆಸರಾದ ಮಿತಿ ಮತ್ತು ಮಾರಾಟ ಪದ್ಧತಿ. ಎರಡೂ ಹೊಗೆಗೆ ಬೆಲೆ ಕಟ್ಟುತ್ತವೆ. ಹಾಗಾದರೆ ಇವುಗಳ ನಡುವೆ ಇರುವ ವ್ಯತ್ಯಾಸವೇನು? ಯಾವುದನ್ನು ಯಾವಾಗ ಆರಿಸಬೇಕು? ಕೈಯಲ್ಲಿ ಒಂದು ಪೆನ್ಸಿಲು, ಕಾಗದ ಇಟ್ಟುಕೊಂಡು ಓದಿದರೆ ಈ ಪ್ರಶ್ನೆಗೆ ಉತ್ತರ ನಿಮಗೇ ಹೊಳೆಯುತ್ತದೆ.

ಎರಡು ಕಾರ್ಖಾನೆಗಳ ಲೆಕ್ಕ

ಒಂದು ಊರಿನಲ್ಲಿ ಎರಡೇ ಕಾರ್ಖಾನೆಗಳಿವೆ ಎಂದುಕೊಳ್ಳೋಣ. ಒಂದು ಹಳೆಯದು, ಇನ್ನೊಂದು ಹೊಸದು. ಪ್ರತಿಯೊಂದೂ ವರ್ಷಕ್ಕೆ 100 ಟನ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಒಟ್ಟು 200 ಟನ್. ಇದನ್ನು 120 ಟನ್ನಿಗೆ ಇಳಿಸಬೇಕು, ಅಂದರೆ 80 ಟನ್ ಕಡಿಮೆ ಮಾಡಬೇಕು ಎಂಬುದು ಸರಕಾರದ ಗುರಿ.

ಹಳೆಯ ಕಾರ್ಖಾನೆಯಲ್ಲಿ ಪೋಲು ಹೆಚ್ಚು. ಸೋರುವ ಉಗಿ ಕೊಳವೆಗಳನ್ನು ಸರಿಪಡಿಸಿದರೂ ಸಾಕು, ಸುಲಭವಾಗಿ ಒಂದಷ್ಟು ಹೊಗೆ ಕಡಿಮೆಯಾಗುತ್ತದೆ. ಅಲ್ಲಿ ಮೊದಲ ಟನ್ ಇಳಿಸಲು 20 ರೂಪಾಯಿ, ಎರಡನೆಯದಕ್ಕೆ 40, ಮೂರನೆಯದಕ್ಕೆ 60, ಹೀಗೆ ಪ್ರತಿ ಟನ್ನಿಗೂ 20 ರೂಪಾಯಿ ಏರುತ್ತ ಹೋಗುತ್ತದೆ ಎನ್ನೋಣ. ಹೊಸ ಕಾರ್ಖಾನೆಯಲ್ಲಿ ಸುಲಭದ ಕೆಲಸಗಳೆಲ್ಲ ಆಗಲೇ ಮುಗಿದಿವೆ. ಅಲ್ಲಿ ಮೊದಲ ಟನ್ನಿಗೇ 60 ರೂಪಾಯಿ, ಎರಡನೆಯದಕ್ಕೆ 120, ಹೀಗೆ 60ರಂತೆ ಏರುತ್ತದೆ. ಇನ್ನೊಂದು ಟನ್ ಇಳಿಸಲು ತಗಲುವ ಈ ಖರ್ಚಿಗೆ 'ಸೀಮಾಂತ ವೆಚ್ಚ' ಎಂದು ಹೆಸರು.

ಈಗ ಸರಕಾರ ಹಳೆಯ ರೂಢಿಯಂತೆ ಒಂದು ಆಜ್ಞೆ ಹೊರಡಿಸುತ್ತದೆ: ಇಬ್ಬರೂ ತಲಾ 40 ಟನ್ ಇಳಿಸಬೇಕು. ಹಳೆಯ ಕಾರ್ಖಾನೆಗೆ ಕೊನೆಯ ಟನ್ನಿನ ಖರ್ಚು 800 ರೂಪಾಯಿ. ಸರಾಸರಿ ಸುಮಾರು 400 ಎಂದು ಹಿಡಿದರೆ ಒಟ್ಟು 16,000. ಹೊಸದಕ್ಕೆ ಕೊನೆಯ ಟನ್ 2,400 ರೂಪಾಯಿ, ಸರಾಸರಿ 1,200, ಒಟ್ಟು 48,000. ಊರು ಒಟ್ಟಾಗಿ 64,000 ರೂಪಾಯಿ ವ್ಯಯಿಸಿತು. ಒಂದು ಕಡೆ 800 ರೂಪಾಯಿಗೆ ಆಗುವ ಕೆಲಸಕ್ಕೆ ಇನ್ನೊಂದು ಕಡೆ 2,400 ಸುರಿದದ್ದನ್ನು ಗಮನಿಸಿದಿರಾ? ಇಲ್ಲಿಯೇ ನಷ್ಟವಿದೆ.

ಇದರ ಬದಲು ಸರಕಾರ ಟನ್ನಿಗೆ 1,200 ರೂಪಾಯಿ ತೆರಿಗೆ ಹಾಕಿತು ಎನ್ನೋಣ. ಹಳೆಯ ಕಾರ್ಖಾನೆಯ ಲೆಕ್ಕಿಗ ಏನು ಯೋಚಿಸುತ್ತಾನೆ? ಒಂದು ಟನ್ ಇಳಿಸುವ ಖರ್ಚು 1,200ಕ್ಕಿಂತ ಕಡಿಮೆ ಇರುವವರೆಗೂ ಇಳಿಸುವುದೇ ಲಾಭ, ಅದಕ್ಕಿಂತ ಹೆಚ್ಚಾದರೆ ತೆರಿಗೆ ಕಟ್ಟುವುದೇ ಲಾಭ. ಹಾಗಾಗಿ ಅವನು 60 ಟನ್ ಇಳಿಸುತ್ತಾನೆ. ಹೊಸ ಕಾರ್ಖಾನೆ ಅದೇ ಲೆಕ್ಕ ಹಾಕಿ 20 ಟನ್ನಿಗೆ ನಿಲ್ಲುತ್ತದೆ. ಒಟ್ಟು 80 ಟನ್, ಗುರಿ ಮುಟ್ಟಿತು. ಖರ್ಚು? ಹಳೆಯದಕ್ಕೆ 36,000, ಹೊಸದಕ್ಕೆ 12,000, ಒಟ್ಟು 48,000. ಅದೇ ಗಾಳಿ, ಆದರೆ 16,000 ರೂಪಾಯಿ ಉಳಿತಾಯ. ಉಳಿದ 120 ಟನ್ನಿನ ಮೇಲೆ ಸರಕಾರಕ್ಕೆ 1,44,000 ರೂಪಾಯಿ ತೆರಿಗೆ ಬರುತ್ತದೆ. ಅದು ಊರಿನಲ್ಲಿಯೇ ಉಳಿಯುವ ಹಣ. ರಸ್ತೆಗೆ, ಶಾಲೆಗೆ ಬಳಸಬಹುದು, ಅಥವಾ ಜನರಿಗೇ ಹಿಂತಿರುಗಿಸಬಹುದು.

ಮೂರನೆಯ ದಾರಿಯನ್ನು ನೋಡೋಣ. ಸರಕಾರ ತೆರಿಗೆ ಹಾಕುವುದಿಲ್ಲ. ಒಂದೊಂದು ಟನ್ನಿಗೆ ಒಂದರಂತೆ 120 ಪರವಾನಗಿಗಳನ್ನು ಮುದ್ರಿಸಿ ಇಬ್ಬರಿಗೂ 60ರಂತೆ ಉಚಿತವಾಗಿ ಹಂಚುತ್ತದೆ. ವರ್ಷದ ಕೊನೆಗೆ ಎಷ್ಟು ಟನ್ ಹೊಗೆ ಬಿಟ್ಟಿರೋ ಅಷ್ಟು ಪರವಾನಗಿ ತಂದೊಪ್ಪಿಸಬೇಕು, ಕೊಳ್ಳುವುದು ಮಾರುವುದು ನಿಮ್ಮಿಷ್ಟ ಎನ್ನುತ್ತದೆ. ಹಳೆಯ ಕಾರ್ಖಾನೆ 60 ಟನ್ ಇಳಿಸಿ 40 ಟನ್ ಮಾತ್ರ ಹೊರಬಿಟ್ಟು, ಮಿಕ್ಕ 20 ಪರವಾನಗಿಗಳನ್ನು ಮಾರುತ್ತದೆ. ಹೊಸದು ಅವನ್ನು ಕೊಳ್ಳುತ್ತದೆ. ವ್ಯಾಪಾರ ಕುದುರುವ ಬೆಲೆ ಅದೇ 1,200 ರೂಪಾಯಿ. ಹಳೆಯದಕ್ಕೆ ಇಳಿಸಿದ ಖರ್ಚು 36,000, ಮಾರಿ ಬಂದದ್ದು 24,000, ನಿವ್ವಳ ಹೊರೆ 12,000 ಮಾತ್ರ. ಹೊಸದಕ್ಕೆ 12,000 ಮತ್ತು 24,000 ಸೇರಿ 36,000. ಆಜ್ಞೆಯ ಪದ್ಧತಿಯಲ್ಲಿ ಕ್ರಮವಾಗಿ 16,000 ಮತ್ತು 48,000 ಆಗಿತ್ತಲ್ಲವೇ? ಇಬ್ಬರಿಗೂ ಲಾಭವೇ ಆಯಿತು.

ಹಾಗಾದರೆ ಎರಡೂ ಒಂದೇ ಅಲ್ಲವೇ?

ನೀವು ಈ ಪ್ರಶ್ನೆ ಕೇಳಿದರೆ ಅದು ಸರಿಯಾದ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ಎರಡೂ ಒಂದೇ. ಕಾರಣ, ಕಾರ್ಖಾನೆಗಳ ಖರ್ಚು ಎಷ್ಟೆಂದು ಸರಕಾರಕ್ಕೆ ಮೊದಲೇ ಚೆನ್ನಾಗಿ ಗೊತ್ತಿತ್ತು. ನಿಜ ಜೀವನದಲ್ಲಿ ಅದು ಗೊತ್ತಿರುವುದಿಲ್ಲ. ಅಲ್ಲಿಂದಲೇ ಎರಡು ದಾರಿಗಳೂ ಕವಲೊಡೆಯುತ್ತವೆ.

ಸರಕಾರದ ಅಂದಾಜು ತಪ್ಪಿತು, ಹೊಗೆ ಇಳಿಸುವ ಖರ್ಚು ಎರಡು ಪಟ್ಟಾಗಿದೆ ಎಂದಿಟ್ಟುಕೊಳ್ಳಿ. ಹಳೆಯ ಕಾರ್ಖಾನೆಗೆ ಪ್ರತಿ ಟನ್ನಿಗೆ 40ರಂತೆ, ಹೊಸದಕ್ಕೆ 120ರಂತೆ ಏರುತ್ತಿದೆ. ತೆರಿಗೆ ಅದೇ 1,200. ಈಗ ಹಳೆಯದು 30 ಟನ್ನಿಗೆ, ಹೊಸದು 10 ಟನ್ನಿಗೆ ನಿಲ್ಲುತ್ತದೆ. ಹೊಗೆ 120ಕ್ಕೆ ಇಳಿಯಬೇಕಾಗಿದ್ದುದು 160ರಲ್ಲಿಯೇ ಉಳಿಯುತ್ತದೆ. ಪರವಾನಗಿಯ ಪದ್ಧತಿಯಲ್ಲಾದರೆ ಹೊಗೆ 120 ಟನ್ ದಾಟುವಂತಿಲ್ಲ, ಆದರೆ ಪರವಾನಗಿಯ ಬೆಲೆ 2,400ಕ್ಕೆ ಜಿಗಿಯುತ್ತದೆ.

ಇನ್ನು ತಿರುಗಿಸಿ ನೋಡಿ. ವ್ಯಾಪಾರ ಕುಸಿದು ಎರಡೂ ಕಾರ್ಖಾನೆಗಳು ತಾವಾಗಿಯೇ ತಲಾ 60 ಟನ್ ಹೊಗೆಗೆ ಇಳಿದುಬಿಟ್ಟವು. 120 ಪರವಾನಗಿಗಳಿವೆ, ಹೊಗೆಯೂ 120 ಟನ್ನೇ. ಯಾರಿಗೂ ಪರವಾನಗಿ ಕೊಳ್ಳುವ ಅಗತ್ಯವಿಲ್ಲ. ಬೆಲೆ ಸೊನ್ನೆ. ಹೊಗೆ ಇಳಿಸುವ ಯಂತ್ರಕ್ಕೆ ಹಣ ಹಾಕುವವರು ಯಾರು? ತೆರಿಗೆಯ ಪದ್ಧತಿಯಲ್ಲಾದರೆ ಆಗಲೂ ಪ್ರತಿ ಟನ್ನಿಗೆ 1,200 ಕಟ್ಟಲೇಬೇಕು, ಇಳಿಸುವ ಆಸೆ ಉಳಿದೇ ಇರುತ್ತದೆ.

ಇದೇ ಮುಖ್ಯ ಸೂತ್ರ. ತೆರಿಗೆಯಲ್ಲಿ ಬೆಲೆ ನಿಶ್ಚಿತ, ಹೊಗೆಯ ಪ್ರಮಾಣ ಅನಿಶ್ಚಿತ. ಪರವಾನಗಿಯಲ್ಲಿ ಪ್ರಮಾಣ ನಿಶ್ಚಿತ, ಬೆಲೆ ಅನಿಶ್ಚಿತ. ಅಮೆರಿಕದ ಮಾರ್ಟಿನ್ ವೈಟ್ಜ್‌ಮನ್ 1974ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಈ ವಿಷಯವನ್ನೇ ಕುರಿತದ್ದು. ಯಾವ ತಪ್ಪಿನಿಂದ ಹೆಚ್ಚು ಹಾನಿ ಎಂದು ನೋಡಿ ಆರಿಸಿಕೊಳ್ಳಿ ಎಂಬುದು ಅವರ ಉತ್ತರ. ಒಂದು ಕೆರೆಗೆ ವಿಷ ಬೆರೆಯುತ್ತಿದೆ, ಇಂತಿಷ್ಟು ದಾಟಿದರೆ ಮೀನೆಲ್ಲ ಸಾಯುತ್ತವೆ ಎಂದಾದರೆ ಪ್ರಮಾಣಕ್ಕೇ ಕಟ್ಟುನಿಟ್ಟಿನ ಮಿತಿ ಬೇಕು. ಅಲ್ಲಿ ಬೆಲೆ ಏರಿದರೂ ಸಹಿಸಬೇಕು. ಆದರೆ ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದು ನೂರಾರು ವರ್ಷಗಳಿಂದ ವಾತಾವರಣದಲ್ಲಿ ಕೂಡುತ್ತ ಬಂದಿದೆ. ಒಂದು ವರ್ಷ ಸ್ವಲ್ಪ ಹೆಚ್ಚಾಯಿತು, ಮರುವರ್ಷ ಸ್ವಲ್ಪ ಕಡಿಮೆಯಾಯಿತು ಎಂದರೆ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಅನೇಕ ಅರ್ಥಶಾಸ್ತ್ರಜ್ಞರು ಇಂಗಾಲಕ್ಕೆ ತೆರಿಗೆಯೇ ವಾಸಿ ಎನ್ನಲು ಇದು ಕಾರಣ. ಮಿತಿಯ ಪರವಾಗಿರುವವರು ಇದಕ್ಕೆ ಹೀಗೆ ಉತ್ತರಿಸುತ್ತಾರೆ: ಒಂದು ವರ್ಷದ ಲೆಕ್ಕ ಬಿಡಿ, ಮೂವತ್ತು ವರ್ಷಗಳ ಒಟ್ಟು ಮೊತ್ತವಾದರೂ ಮಿತಿ ಮೀರಬಾರದಲ್ಲ, ಅದನ್ನು ತೆರಿಗೆ ಹೇಗೆ ಖಾತರಿಪಡಿಸುತ್ತದೆ? ಈ ವಾದ ಇನ್ನೂ ಮುಗಿದಿಲ್ಲ.

ಸ್ವೀಡನ್ನಿನ ತೆರಿಗೆ

ಪುಸ್ತಕದ ಲೆಕ್ಕ ಸಾಕು, ನಡೆದದ್ದನ್ನು ನೋಡೋಣ. ಸ್ವೀಡನ್ 1991ರಲ್ಲಿ ಟನ್ನಿಗೆ 250 ಕ್ರೋನಾ ಇಂಗಾಲದ ತೆರಿಗೆ ಹಾಕಿತು. ಅದನ್ನು ಹಂತಹಂತವಾಗಿ ಏರಿಸುತ್ತ 1,000 ಕ್ರೋನಾ ದಾಟಿಸಿತು.

ಪ್ರತಿ ಮನೆಯ ಹೊಗೆಯನ್ನು ಅಳೆಯುವುದು ಹೇಗೆ ಎಂದು ನೀವು ಕೇಳಬಹುದು. ಅಳೆಯುವ ಅಗತ್ಯವೇ ಇಲ್ಲ. ನಿಮ್ಮ ರಸಾಯನಶಾಸ್ತ್ರದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. 12 ಕಿಲೋ ಇಂಗಾಲ ಪೂರ್ತಿ ಉರಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಒಂದು ಲೀಟರ್ ಪೆಟ್ರೋಲ್ ಎಲ್ಲಿ ಉರಿದರೂ ಸುಮಾರು 2.3 ಕಿಲೋ ಬರುತ್ತದೆ. ಇಂಧನ ವಿತರಿಸುವ ಕಂಪನಿಗಳಿಂದಲೇ ಲೀಟರಿಗೆ ಇಷ್ಟು ಎಂದು ತೆರಿಗೆ ತೆಗೆದುಕೊಂಡರೆ ಮುಗಿಯಿತು. ಹೊಸ ಇಲಾಖೆ ಬೇಡ, ಲಕ್ಷಾಂತರ ಮೀಟರು ಬೇಡ. ಇದು ತೆರಿಗೆಯ ದೊಡ್ಡ ಅನುಕೂಲ.

ಇದರ ಫಲವಾಗಿ ಮನೆಗಳನ್ನು ಬೆಚ್ಚಗಿಡಲು ಎಣ್ಣೆ ಉರಿಸುವುದು ದುಬಾರಿಯಾಯಿತು. ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರು ಹರಿಸುವ ಕೇಂದ್ರಗಳು ಕಲ್ಲಿದ್ದಲು, ಎಣ್ಣೆಯನ್ನು ಬಿಟ್ಟು ಮರದ ತುಂಡು, ಹೊಟ್ಟಿನಂಥ ಇಂಧನಕ್ಕೆ ತಿರುಗಿದವು. 1990ರಿಂದ 2020ರ ಹೊತ್ತಿಗೆ ದೇಶದ ಹೊರಸೂಸುವಿಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು, ಆರ್ಥಿಕತೆ ಬೆಳೆಯುತ್ತಲೇ ಇತ್ತು. ಆದರೆ ಇದೆಲ್ಲ ತೆರಿಗೆಯೊಂದರಿಂದಲೇ ಆಯಿತೆಂದು ತಿಳಿಯಬೇಡಿ. ಆ ದೇಶದಲ್ಲಿ ಜಲವಿದ್ಯುತ್ತು, ಅಣುವಿದ್ಯುತ್ತು ಮೊದಲಿನಿಂದಲೂ ಸಾಕಷ್ಟಿದ್ದವು. ಜೊತೆಗೆ ವಿದೇಶದ ಪೈಪೋಟಿಗೆ ಅಂಜಿ ಅಲ್ಲಿನ ಕೈಗಾರಿಕೆಗಳಿಗೆ ಬಹಳ ಕಾಲ ಕಡಿಮೆ ದರ ಇತ್ತು.

ಇಂಧನದ ಮೇಲಿನ ತೆರಿಗೆಗೆ ಇನ್ನೊಂದು ಕೊರತೆಯೂ ಇದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳನ್ನು ನೀವು ನೋಡಿರಬಹುದು. ಅಂಥ ಕಡೆ ಸುಣ್ಣದ ಕಲ್ಲನ್ನು ಕಾಸಿದಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಸಿಮೆಂಟು ತಯಾರಿಕೆಯ ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಕಲ್ಲಿದ್ದಲಿನ ಮೇಲೆ ಎಷ್ಟೇ ತೆರಿಗೆ ಹಾಕಿದರೂ ಇದು ಬಲೆಗೆ ಬೀಳುವುದಿಲ್ಲ. ಇಲ್ಲಿ ಕಾರ್ಖಾನೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಯೂರೋಪಿನ ಪರವಾನಗಿ

ಯೂರೋಪಿನ ಒಕ್ಕೂಟ ಮೊದಲು ಯೋಚಿಸಿದ್ದು ತೆರಿಗೆಯನ್ನೇ. 1992ರಲ್ಲಿ ಅದರ ಆಯೋಗ ಇಂಥ ಪ್ರಸ್ತಾಪ ಮುಂದಿಟ್ಟಿತು. ಆದರೆ ಒಕ್ಕೂಟದ ನಿಯಮದಂತೆ ತೆರಿಗೆಗೆ ಎಲ್ಲ ದೇಶಗಳ ಒಪ್ಪಿಗೆ ಬೇಕು, ಅದು ಸಿಗಲಿಲ್ಲ. ಪರವಾನಗಿ ಪದ್ಧತಿಗೆ ಪರಿಸರ ಕಾನೂನಿನಂತೆ ಬಹುಮತ ಸಾಕಾಗಿತ್ತು. ಹೀಗೆ 2005ರ ಜನವರಿಯಲ್ಲಿ ಅಲ್ಲಿನ ಮಾರುಕಟ್ಟೆ ಶುರುವಾಯಿತು. ಯಾವ ಸಾಧನವನ್ನು ಆರಿಸುತ್ತಾರೆ ಎಂಬುದನ್ನು ಅರ್ಥಶಾಸ್ತ್ರದಷ್ಟೇ ರಾಜಕೀಯವೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮೊದಲ ಹಂತದಲ್ಲಿ ಹೆಚ್ಚುಕಡಿಮೆ ಎಲ್ಲ ಪರವಾನಗಿಗಳನ್ನೂ ಉಚಿತವಾಗಿ ಹಂಚಿದರು. ಆಗ ಎರಡು ತಪ್ಪುಗಳಾದವು. ಒಂದು, ಯಾರು ಎಷ್ಟು ಹೊಗೆ ಬಿಡುತ್ತಾರೆ ಎಂಬುದಕ್ಕೆ ಅಳತೆ ಮಾಡಿದ ಲೆಕ್ಕವಿರಲಿಲ್ಲ, ಅಂದಾಜಿನ ಮೇಲೆ ಹಂಚಿದರು. 2006ರ ಏಪ್ರಿಲ್‌ನಲ್ಲಿ ನಿಜವಾದ ಅಂಕಿ ಹೊರಬಿದ್ದಾಗ ಹೊಗೆಗಿಂತ ಪರವಾನಗಿಯೇ ಹೆಚ್ಚಿದೆ ಎಂದು ತಿಳಿಯಿತು. ಸುಮಾರು 30 ಯೂರೋ ಇದ್ದ ಬೆಲೆ ಕೆಲವೇ ದಿನಗಳಲ್ಲಿ ಅರ್ಧಕ್ಕೆ ಬಿತ್ತು. ಆ ಪರವಾನಗಿಗಳನ್ನು 2008ಕ್ಕೆ ಉಳಿಸಿಕೊಳ್ಳುವಂತೆಯೂ ಇರಲಿಲ್ಲ. 2007ರ ಕೊನೆಗೆ ಅವುಗಳ ಬೆಲೆ ಸೊನ್ನೆಯ ಹತ್ತಿರ ಬಂತು.

ಎರಡನೆಯ ತಪ್ಪು ಸ್ವಲ್ಪ ಸೂಕ್ಷ್ಮವಾದದ್ದು. ವಿದ್ಯುತ್ ಕಂಪನಿಗಳು ಉಚಿತವಾಗಿ ಪಡೆದ ಪರವಾನಗಿಯ ಬೆಲೆಯನ್ನೂ ಸೇರಿಸಿ ವಿದ್ಯುತ್ತಿನ ದರ ಏರಿಸಿದವು. ಇದು ಹೇಗೆ? ಹಿತ್ತಲಿನ ಮರದ ತೆಂಗಿನಕಾಯಿ ನಿಮಗೆ ಪುಕ್ಕಟೆ. ಆದರೆ ಅದರಿಂದ ಮಿಠಾಯಿ ಮಾಡಿ ಮಾರುವಾಗ ಕಾಯಿಯ ಪೇಟೆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತೀರಿ. ಏಕೆಂದರೆ ಕಾಯಿಯನ್ನೇ ಮಾರಬಹುದಾಗಿತ್ತು. ಕಂಪನಿಗಳೂ ಹಾಗೆಯೇ ಮಾಡಿ ಕೂತಲ್ಲೇ ಲಾಭ ಗಳಿಸಿದವು. ಆದ್ದರಿಂದ 2013ರಿಂದ ಬಹುಪಾಲು ವಿದ್ಯುತ್ ಕಂಪನಿಗಳು ಪರವಾನಗಿಯನ್ನು ಹರಾಜಿನಲ್ಲಿ ಕೊಳ್ಳಬೇಕೆಂದು ನಿಯಮ ಬಂತು.

ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂದಿತ್ತು. ನಮ್ಮ ಎರಡು ಕಾರ್ಖಾನೆಗಳ ಕೊನೆಯ ಲೆಕ್ಕ ನೆನಪಿದೆಯೇ? ಅದೇ ಆಯಿತು. ಕೊಳ್ಳುವವರಿಲ್ಲದೆ 2013ರ ಹೊತ್ತಿಗೆ 200 ಕೋಟಿಗೂ ಹೆಚ್ಚು ಪರವಾನಗಿಗಳು ಮಿಕ್ಕಿ, ಬೆಲೆ 5 ಯೂರೋಗಿಂತ ಕೆಳಗಿಳಿಯಿತು. ಆ ಬೆಲೆಗೆ ಕಲ್ಲಿದ್ದಲು ಬಿಟ್ಟು ಬೇರೆಯದಕ್ಕೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. 2019ರಿಂದ ಹೆಚ್ಚಾದ ಪರವಾನಗಿಗಳನ್ನು ಮಾರುಕಟ್ಟೆಯಿಂದ ಹಿಂತೆಗೆದು ಒಂದು ಸಂಗ್ರಹದಲ್ಲಿಡುವ ವ್ಯವಸ್ಥೆ ಜಾರಿಗೆ ಬಂತು. ಮಿತಿಯನ್ನೂ ಬಿಗಿಗೊಳಿಸಿದರು. 2023ರ ಫೆಬ್ರವರಿಯಲ್ಲಿ ಬೆಲೆ ಮೊದಲ ಸಲ 100 ಯೂರೋ ದಾಟಿತು.

ಇಂಥ ಮಾರುಕಟ್ಟೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನೀವು ಮೂರು ಪ್ರಶ್ನೆ ಕೇಳಿದರೆ ಸಾಕು. ಹೊಗೆಯನ್ನು ಅಳೆದಿದ್ದಾರೆಯೇ, ಅಂದಾಜು ಮಾಡಿದ್ದಾರೆಯೇ? ಮಿತಿ ನಿಜವಾದ ಹೊಗೆಗಿಂತ ಕೆಳಗಿದೆಯೇ? ಪರವಾನಗಿ ಒಪ್ಪಿಸದವರಿಗೆ ಬೀಳುವ ದಂಡ ಪರವಾನಗಿಯ ಬೆಲೆಗಿಂತ ಹೆಚ್ಚಿದೆಯೇ?

ಎರಡನ್ನೂ ಬೆರೆಸಬಹುದೇ?

ಬ್ರಿಟನ್ ಹಾಗೆ ಮಾಡಿ ತೋರಿಸಿತು. ಯೂರೋಪಿನ ಪರವಾನಗಿ ಅಗ್ಗವಾದಾಗ ಅದು 2013ರಿಂದ ವಿದ್ಯುತ್ ತಯಾರಿಕೆಯ ಇಂಧನಕ್ಕೆ ಮೇಲಿಂದ ಒಂದು ತೆರಿಗೆ ಸೇರಿಸಿತು. 2016ರಿಂದ ಅದು ಟನ್ನಿಗೆ 18 ಪೌಂಡ್. ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಬಿಡುವ ಇಂಗಾಲದ ಅರ್ಧದಷ್ಟನ್ನು ಮಾತ್ರ ಅನಿಲ ಬಿಡುತ್ತದೆ. ಹಾಗಾಗಿ ಈ ತೆರಿಗೆ ಕಲ್ಲಿದ್ದಲಿಗೆ ಎರಡು ಪಟ್ಟು ಭಾರವಾಯಿತು, ಕಂಪನಿಗಳು ಇದ್ದ ಅನಿಲ ಕೇಂದ್ರಗಳನ್ನೇ ಹೆಚ್ಚು ಓಡಿಸಿದವು. 2012ರಲ್ಲಿ ಅಲ್ಲಿನ ವಿದ್ಯುತ್ತಿನ ಸುಮಾರು 40 ಶೇಕಡಾ ಕಲ್ಲಿದ್ದಲಿನಿಂದ ಬರುತ್ತಿತ್ತು. 2024ರ ಸೆಪ್ಟೆಂಬರ್ 30ರಂದು ಆ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ ಮುಚ್ಚಿತು. ಗಾಳಿ ಯಂತ್ರಗಳೂ ಯೂರೋಪಿನ ಇತರ ಮಾಲಿನ್ಯ ನಿಯಮಗಳೂ ಇದಕ್ಕೆ ಕೈಜೋಡಿಸಿದ್ದವು.

ಆದರೆ ತೆರಿಗೆಯ ಬೆಲೆ ನಿಶ್ಚಿತ ಎಂದೆವಲ್ಲ, ಅದು ಜನ ಒಪ್ಪುವವರೆಗೆ ಮಾತ್ರ. ಫ್ರಾನ್ಸಿನಲ್ಲಿ ಇಂಧನದ ಮೇಲಿನ ಇಂಗಾಲದ ತೆರಿಗೆ ಇನ್ನೂ ಏರಬೇಕಾಗಿತ್ತು. 2018ರ ನವೆಂಬರ್‌ನಲ್ಲಿ ಹಳದಿ ಅಂಗಿ ತೊಟ್ಟ ಸಾವಿರಾರು ಜನ ಬೀದಿಗಿಳಿದರು. ಬಸ್ಸು, ರೈಲು ಇಲ್ಲದ ಹಳ್ಳಿಯವರು ಕಾರು ಬಿಟ್ಟು ಹೇಗೆ ಕೆಲಸಕ್ಕೆ ಹೋಗಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಸರಕಾರ ಏರಿಕೆಯನ್ನು ಕೈಬಿಟ್ಟಿತು. ತೆರಿಗೆ ಪೆಟ್ರೋಲ್ ಬಂಕಿನಲ್ಲಿ ಕಣ್ಣಿಗೆ ಕಾಣುತ್ತದೆ, ಪರವಾನಗಿಯ ಬೆಲೆ ವಿದ್ಯುತ್ ಬಿಲ್ಲಿನೊಳಗೆ ಅಡಗಿರುತ್ತದೆ. ಬಂದ ಹಣವನ್ನು ಯಾರಿಗೆ ಕೊಡುತ್ತೀರಿ ಎಂಬುದನ್ನು ಮೊದಲೇ ಹೇಳದಿದ್ದರೆ ತೆರಿಗೆ ಉಳಿಯುವುದು ಕಷ್ಟ.

ನಮ್ಮ ದೇಶದಲ್ಲಿ

ಭಾರತ ಎರಡೂ ದಾರಿಗಳನ್ನು ಮುಟ್ಟಿ ನೋಡಿದೆ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಬಂತು, 2016ರ ಹೊತ್ತಿಗೆ ಅದು 400 ಆಯಿತು. ಒಂದು ಟನ್ ಕಲ್ಲಿದ್ದಲಿನಿಂದ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂದು ಹಿಡಿದರೆ ಒಂದು ಟನ್ ಹೊಗೆಗೆ ಸುಮಾರು 270 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಇದು ರಾಜ್ಯಗಳಿಗೆ ಪರಿಹಾರ ಕೊಡುವ ಸೆಸ್ ಆಗಿ ಮಾರ್ಪಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಿದರು. ಇಲ್ಲೊಂದು ಸೂಕ್ಷ್ಮವಿದೆ. ಸೆಸ್ ಇದ್ದದ್ದು ತೂಕದ ಮೇಲೆ, ಜಿಎಸ್‌ಟಿ ಇರುವುದು ಬೆಲೆಯ ಮೇಲೆ. ಬೂದಿ ಹೆಚ್ಚಿರುವ ಅಗ್ಗದ ಕಲ್ಲಿದ್ದಲಿಗೆ ಈಗ ಕಡಿಮೆ ತೆರಿಗೆ ಬೀಳುತ್ತದೆ.

ಪರವಾನಗಿಯ ಪ್ರಯೋಗ ನಡೆದದ್ದು ಗುಜರಾತಿನ ಸೂರತ್‌ನಲ್ಲಿ. ಅಲ್ಲಿ 2019ರಲ್ಲಿ ಜವಳಿ ಮೊದಲಾದ ಕಾರ್ಖಾನೆಗಳ ಚಿಮಣಿಗೆ ಸತತವಾಗಿ ಅಳೆಯುವ ಉಪಕರಣ ಕೂರಿಸಿ, ಹೊಗೆಯ ಕಣಗಳಿಗೆ ಒಂದು ಮಿತಿ ಹಾಕಿ ಮಾರುಕಟ್ಟೆ ತೆರೆದರು. ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ಮಾಲಿನ್ಯ, ಸೇರದವಕ್ಕಿಂತ ಶೇಕಡಾ 20ರಿಂದ 30ರಷ್ಟು ಕಡಿಮೆಯಾಯಿತು. ಮೊದಲು ಅಳತೆ, ಆಮೇಲೆ ಮಿತಿ, ಆಮೇಲೆ ಮಾರಾಟ. ಯೂರೋಪು ಎಡವಿದ ಜಾಗದಲ್ಲಿ ಇವರು ಎಡವಲಿಲ್ಲ.

ಇಂಗಾಲಕ್ಕಾಗಿ 2023ರಲ್ಲಿ ಕೇಂದ್ರ ಸರಕಾರ ಒಂದು ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. ಸಿಮೆಂಟು, ಅಲ್ಯೂಮಿನಿಯಂ, ಕಾಗದ ಮುಂತಾದ ಉದ್ಯಮಗಳು ಇದರಲ್ಲಿವೆ. ಇದರ ಮಿತಿ ಒಟ್ಟು ಹೊಗೆಗೆ ಅಲ್ಲ, ಒಂದು ಟನ್ ಸರಕಿಗೆ ಇಷ್ಟು ಹೊಗೆ ಎಂಬ ಪ್ರಮಾಣಕ್ಕೆ. ಬೆಳೆಯುತ್ತಿರುವ ದೇಶಕ್ಕೆ ಇದು ಅನುಕೂಲ, ಕಾರ್ಖಾನೆ ಹೆಚ್ಚು ಸಿಮೆಂಟು ಮಾಡಬಹುದು. ಆದರೆ ಪ್ರಮಾಣ ಇಳಿದರೂ ಒಟ್ಟು ಹೊಗೆ ಏರಬಹುದು. ಮಿತಿಯ ಪದ್ಧತಿಗೆ ಇದ್ದ ಮುಖ್ಯ ಗುಣವೇ, ಅಂದರೆ ಒಟ್ಟು ಪ್ರಮಾಣದ ಖಾತರಿಯೇ, ಇಲ್ಲಿ ಸಡಿಲವಾಗಿದೆ.

ಈಗ ಮೊದಲಿನ ಇಟ್ಟಿಗೆ ಗೂಡಿಗೆ ಹಿಂತಿರುಗೋಣ. ಒಂದು ಜಿಲ್ಲೆಯಲ್ಲಿ ಅಂಥ ಐನೂರು ಸಣ್ಣ ಗೂಡುಗಳೂ ನಾಲ್ಕು ದೊಡ್ಡ ಸಿಮೆಂಟು ಕಾರ್ಖಾನೆಗಳೂ ಇವೆ ಎಂದುಕೊಳ್ಳಿ. ಗೂಡುಗಳಿಗೆ ಯಾವುದು ಸರಿ, ತೆರಿಗೆಯೋ ಪರವಾನಗಿಯೋ? ಕಾರ್ಖಾನೆಗಳಿಗೆ ಯಾವುದು? ಎರಡಕ್ಕೂ ಒಂದೇ ಉತ್ತರ ಇರಲೇಬೇಕೇ? ಅಳತೆಯ ಖರ್ಚನ್ನೂ, ಸುಣ್ಣದ ಕಲ್ಲಿನ ಮಾತನ್ನೂ ನೆನಪಿಟ್ಟುಕೊಂಡು ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.